ಸಂಜೆಯೊಳಗೆ ಬರುತ್ತೆ ಎಂಬ ಮಾತು

ಹೋದ ವರ್ಷ ಕಾರ್ತಿಕದ ಒಂದು ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು ಹಾಸನದ ಒಂದು ಲ್ಯಾಬಿಗೆ ಹೋಗಿದ್ದೆ. ಅರಕಲಗೂಡು ಕಡೆಯ ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಬಂದಿದ್ದೆವು. ಹಿಂದಿನ ರಾತ್ರಿ 8ಕ್ಕೆ ಊಟ ಮುಗಿಸಿದ ಅಮ್ಮ ಕಾಫಿಯನ್ನೂ ಮುಟ್ಟಿರಲಿಲ್ಲ. ಶುಗರ್, ಥೈರಾಯ್ಡ್, ಕೊಲೆಸ್ಟ್ರಾಲ್ ಮೂರನ್ನೂ ನೋಡಿಸಿ, ಅದೇ ದಿನ ಸಂಜೆ 5.30ಕ್ಕೆ ಡಾಕ್ಟರಿಗೆ ರಿಪೋರ್ಟ್ ತೋರಿಸಿ, ಕೊನೆಯ ಬಸ್ಸಿಗೆ ಊರು ಸೇರುವುದು ನಮ್ಮ ಲೆಕ್ಕ. ಲ್ಯಾಬಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಅದೇ ದಿನ ರಿಪೋರ್ಟ್’ ಎಂದು ಬರೆದಿತ್ತು. ಬಿಲ್ ಮಾಡುತ್ತಿದ್ದ ಹುಡುಗಿಯನ್ನೂ ಕೇಳಿದೆ. ತಲೆ ಎತ್ತದೆ, “ಸಂಜೆಯೊಳಗೆ ಬರುತ್ತೆ ಸರ್, ಮೊಬೈಲ್‌ಗೇ ಬರುತ್ತೆ” ಎಂದಳು.

ರಕ್ತ ತೆಗೆದ ಹುಡುಗನ ಕೈ ಬಹಳ ಹಗುರ. “ಮುಷ್ಟಿ ಬಿಗಿ ಹಿಡೀರಿ ಅಜ್ಜಿ, ಇರುವೆ ಕಚ್ಚಿದಂಗೆ ಅಷ್ಟೇ” ಎಂದ. ಒಂದೇ ಚುಚ್ಚಿಗೆ ಮುಗಿಸಿದ. ಅಮ್ಮನಿಗೆ ಅವನು ತುಂಬ ಹಿಡಿಸಿದ. ಮಧ್ಯಾಹ್ನ ಶುಗರ್ ರಿಪೋರ್ಟ್ ಬಂತು. ಸಂಜೆ ಡಾಕ್ಟರ ಮುಂದೆ ಕೂತಾಗ ಥೈರಾಯ್ಡ್ ರಿಪೋರ್ಟ್ ಬಂದಿರಲಿಲ್ಲ. “ಅದು ನೋಡದೆ ಮಾತ್ರೆ ಬದಲಾಯಿಸೋಕೆ ಆಗಲ್ಲ, ಗುರುವಾರ ಬನ್ನಿ” ಎಂದರು ಡಾಕ್ಟರು. ಆ ರಿಪೋರ್ಟ್ ಬಂದಿದ್ದು ರಾತ್ರಿ 11.40ಕ್ಕೆ, ನಾವು ಊರಿಗೆ ಬಂದು ಮಲಗಿದ ಮೇಲೆ. ಗುರುವಾರ ಮತ್ತೆ ಅದೇ ಬಸ್ಸು, ಅದೇ ದಾರಿ, ಅದೇ ಟಿಕೆಟ್ ಖರ್ಚು.

ಮರುದಿನ ಆ ರಿಪೋರ್ಟನ್ನು ಸಾವಧಾನವಾಗಿ ನೋಡಿದೆ. ಹೆಸರು, ವಯಸ್ಸಿನ ಪಕ್ಕದಲ್ಲಿ ನಾವು ಸಾಮಾನ್ಯವಾಗಿ ಓದದ ಮೂರು ಸಾಲುಗಳಿರುತ್ತವೆ: ಸ್ಯಾಂಪಲ್ ತೆಗೆದ ಸಮಯ, ಸ್ಯಾಂಪಲ್ ತಲುಪಿದ ಸಮಯ, ರಿಪೋರ್ಟ್ ಮಾಡಿದ ಸಮಯ. ನಮ್ಮದರಲ್ಲಿ ಬೆಳಿಗ್ಗೆ 7.42, ರಾತ್ರಿ 8.05, ರಾತ್ರಿ 11.38 ಎಂದಿತ್ತು. ಅಮ್ಮನ ತೋಳಿನಿಂದ ಹೊರಟ ರಕ್ತ ಪರೀಕ್ಷೆ ನಡೆಯುವ ಲ್ಯಾಬಿನ ಬಾಗಿಲು ಮುಟ್ಟಲು 12 ಗಂಟೆಗೂ ಹೆಚ್ಚು ಹಿಡಿದಿತ್ತು. ಕೋಪ ಇಳಿದು ಕುತೂಹಲ ಹುಟ್ಟಿದ್ದು ಆಗ. ಅಲ್ಲಿ ಯಾರೂ ಸೋಮಾರಿಗಳಂತೆ ಕಾಣಲಿಲ್ಲ, ಯಾರೂ ಒರಟಾಗಿ ಮಾತಾಡಿರಲಿಲ್ಲ, ರಿಪೋರ್ಟ್ ‘ಅದೇ ದಿನ’ವೇ ಬಂದಿತ್ತು. ಹಾಗಿದ್ದೂ ನಾವು ಮೋಸಹೋದೆವು ಅನ್ನಿಸಿತಲ್ಲ, ಆ ಭಾವನೆ ಎಲ್ಲಿ ಹುಟ್ಟಿತು?

ಇದೇ ಪ್ರಶ್ನೆಯನ್ನು ನಲವತ್ತು ವರ್ಷಗಳ ಹಿಂದೆ ಅಮೆರಿಕದ ಟೆಕ್ಸಾಸ್‌ನ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಮೂವರು ಪ್ರಾಧ್ಯಾಪಕರು ಕೇಳಿಕೊಂಡಿದ್ದರು. ಭಾರತ ಮೂಲದ ಎ. ಪರಶುರಾಮನ್, ವ್ಯಾಲರಿ ಝೈತಾಮಲ್ ಮತ್ತು ಲೆನರ್ಡ್ ಬೆರಿ. ಸೋಪು, ಸೈಕಲ್ಲಿನ ಗುಣಮಟ್ಟವನ್ನು ಕಾರ್ಖಾನೆಯಲ್ಲೇ ಅಳೆಯಬಹುದು. ಬ್ಯಾಂಕಿನಲ್ಲೋ ರಿಪೇರಿ ಅಂಗಡಿಯಲ್ಲೋ ಸಿಗುವ ಸೇವೆಯ ಗುಣಮಟ್ಟವನ್ನು ಎಲ್ಲಿಟ್ಟು ಅಳೆಯುವುದು? ಅವರು ಬ್ಯಾಂಕ್, ಕ್ರೆಡಿಟ್ ಕಾರ್ಡ್, ಷೇರು ದಲ್ಲಾಳಿ ಮತ್ತು ರಿಪೇರಿ ಸೇವೆಯ ಗ್ರಾಹಕರನ್ನು 12 ಗುಂಪುಗಳಾಗಿ ಕೂರಿಸಿ ಮಾತಾಡಿಸಿದರು, ಆಯಾ ಸಂಸ್ಥೆಗಳ ಹಿರಿಯ ಅಧಿಕಾರಿಗಳನ್ನೂ ಮಾತಾಡಿಸಿದರು. 1985ರಲ್ಲಿ ಬಂದ ಅವರ ಪ್ರಬಂಧದ ತಿರುಳನ್ನು ಒಂದೇ ಮಾತಿನಲ್ಲಿ ಹೇಳಬಹುದು. ಗ್ರಾಹಕ ಏನು ಸಿಗಬೇಕೆಂದು ಬಂದನೋ ಅದಕ್ಕೂ, ಏನು ಸಿಕ್ಕಿತೆಂದು ಅವನಿಗೆ ಅನ್ನಿಸಿತೋ ಅದಕ್ಕೂ ನಡುವಿನ ಅಂತರವೇ ಸೇವೆಯ ಗುಣಮಟ್ಟ. ಈ ಅಂತರ ಕೌಂಟರಿನಲ್ಲಿ ಒಮ್ಮೆಲೇ ಹುಟ್ಟುವುದಿಲ್ಲ. ಸಂಸ್ಥೆಯೊಳಗೆ ಗ್ರಾಹಕನ ಕಣ್ಣಿಗೆ ಬೀಳದ ಇನ್ನೂ ನಾಲ್ಕು ಅಂತರಗಳಿರುತ್ತವೆ, ಅವೆಲ್ಲ ಕೂಡಿ ಕೊನೆಯ ಐದನೆಯದಾಗುತ್ತದೆ ಎಂದು ಅವರು ತೋರಿಸಿದರು.

ಆ ನಾಲ್ಕು ಯಾವುವು ಎಂದು ಪಟ್ಟಿ ಕೊಡುವುದಕ್ಕಿಂತ ಅಮ್ಮನ ರಕ್ತದ ಹಿಂದೆಯೇ ಹೋಗುವುದು ಒಳ್ಳೆಯದು. ಇಂಥದ್ದೇ ಇನ್ನೊಂದು ಲ್ಯಾಬ್ ಸರಪಳಿಯ ಕೇಂದ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಸ್ನೇಹಿತರೊಬ್ಬರು ನನಗೆ ಆ ದಾರಿಯನ್ನು ಬಿಡಿಸಿ ಹೇಳಿದರು.

ಊರೂರಿನಲ್ಲಿ ಬೋರ್ಡು ಹಾಕಿಕೊಂಡಿರುವ ಲ್ಯಾಬುಗಳಲ್ಲಿ ಬಹಳಷ್ಟು ನಿಜವಾಗಿ ಲ್ಯಾಬುಗಳಲ್ಲ, ಕಲೆಕ್ಷನ್ ಸೆಂಟರುಗಳು. ಅಲ್ಲಿ ರಕ್ತ ತೆಗೆಯುತ್ತಾರೆ, ಬಾರ್‌ಕೋಡ್ ಅಂಟಿಸುತ್ತಾರೆ, ಹೆಚ್ಚೆಂದರೆ ಶುಗರ್‌ನಂಥ ಕೆಲವು ಸರಳ ಪರೀಕ್ಷೆ ಮಾಡುತ್ತಾರೆ. ಥೈರಾಯ್ಡ್ ಹಾರ್ಮೋನು ಅಳೆಯುವ ಯಂತ್ರಕ್ಕೆ ಬಹಳ ಬೆಲೆ. ಜೊತೆಗೆ, ರೋಗಿಗಳ ಸ್ಯಾಂಪಲ್ ಹಾಕುವ ಮೊದಲು ಉತ್ತರ ಗೊತ್ತಿರುವ ಮಾದರಿಗಳನ್ನು ಓಡಿಸಿ ಯಂತ್ರ ಸರಿಯಾಗಿದೆಯೇ ಎಂದು ಪ್ರತಿದಿನ ನೋಡಿಕೊಳ್ಳಬೇಕು. ದಿನಕ್ಕೆ ಆರೋ ಏಳೋ ಥೈರಾಯ್ಡ್ ಸ್ಯಾಂಪಲ್ ಬರುವ ಕಡೆ ಇದೆಲ್ಲ ಗಿಟ್ಟುವುದಿಲ್ಲ. ಹಾಗಾಗಿ ಹತ್ತಾರು ಊರುಗಳ ರಕ್ತ ಒಂದು ದೊಡ್ಡ ಲ್ಯಾಬಿಗೆ ಹೋಗುತ್ತದೆ. ನಮ್ಮದು ಬೆಂಗಳೂರಿಗೆ ಹೋಯಿತು.

ಬೆಳಿಗ್ಗೆ ತೆಗೆದ ರಕ್ತವನ್ನು ಅರ್ಧ ಗಂಟೆ ನೆಟ್ಟಗೆ ನಿಲ್ಲಿಸಿ ಹೆಪ್ಪುಗಟ್ಟಲು ಬಿಡುತ್ತಾರೆ. ಆಮೇಲೆ ಗಿರಗಿರನೆ ತಿರುಗುವ ಯಂತ್ರದಲ್ಲಿಟ್ಟಾಗ ಕೆಂಪು ಕಣಗಳು ತಳಕ್ಕೆ ಹೋಗಿ ಮೇಲೆ ತಿಳಿಹಳದಿ ಸೀರಮ್ ನಿಲ್ಲುತ್ತದೆ. ಆ ಟ್ಯೂಬು ಫ್ರಿಜ್ಜಿಗೆ ಹೋಗುತ್ತದೆ. ಮಧ್ಯಾಹ್ನ ಒಂದೂವರೆ ಸುಮಾರಿಗೆ ಬೈಕಿನ ಹುಡುಗ ಬರುತ್ತಾನೆ. ಊರಿನ ಎಲ್ಲ ಸೆಂಟರುಗಳ ಟ್ಯೂಬುಗಳನ್ನು ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆಗೆ ತುಂಬಿ ಬಸ್ಸಿಗೋ ವ್ಯಾನಿಗೋ ಹಾಕುತ್ತಾನೆ. ನೆಲಮಂಗಲದ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಪೆಟ್ಟಿಗೆ ಲ್ಯಾಬು ಮುಟ್ಟುವಾಗ ಕತ್ತಲಾಗಿರುತ್ತದೆ. ಅಲ್ಲಿ ಒಂದೊಂದೇ ಟ್ಯೂಬಿನ ಬಾರ್‌ಕೋಡ್ ಓದಿಸಿ, ಸ್ಯಾಂಪಲ್ ಸರಿಯಿದೆಯೇ ಎಂದು ಕಣ್ಣಾರೆ ನೋಡಿ, ಯಂತ್ರಕ್ಕೆ ಹಾಕುತ್ತಾರೆ. ಪರೀಕ್ಷೆಗೆ ಬೇಕಾಗುವುದು ಹೆಚ್ಚೆಂದರೆ ಅರ್ಧ ಗಂಟೆ. ಅಂಕಿ ವಿಪರೀತ ಏರಿದ್ದರೆ ಮತ್ತೊಮ್ಮೆ ಓಡಿಸುತ್ತಾರೆ. ಕೊನೆಗೆ ಡಾಕ್ಟರೊಬ್ಬರು ಅದನ್ನು ನೋಡಿ ಒಪ್ಪಿಗೆ ಒತ್ತಿದ ಮೇಲೆಯೇ ನಮ್ಮ ಮೊಬೈಲಿಗೆ ಸಂದೇಶ ಬರುತ್ತದೆ.

ಈ ದಾರಿಯಲ್ಲಿ ನಮ್ಮ ಸಂಜೆ ಕಳೆದುಹೋದದ್ದೆಲ್ಲಿ? ನನ್ನ ಸ್ನೇಹಿತರು ಮೊದಲು ತೋರಿಸಿದ್ದು ಆ ರಿಪೋರ್ಟಿನ ಎರಡನೆಯ ಮತ್ತು ಮೂರನೆಯ ಸಾಲು. 8.05ರಿಂದ 11.38ಕ್ಕೆ ಮೂರೂವರೆ ಗಂಟೆ. “ಸ್ಯಾಂಪಲ್ ಬಂದ ನಾಲ್ಕು ಗಂಟೆಯೊಳಗೆ ಥೈರಾಯ್ಡ್ ರಿಪೋರ್ಟ್ ಕೊಡಬೇಕು ಅನ್ನೋದು ಅವರ ನಿಯಮ ಅಂತಿಟ್ಕೊಳ್ಳಿ. ನಿಮ್ಮಮ್ಮನ ರಿಪೋರ್ಟು ಅವರ ಕಂಪ್ಯೂಟರಿನಲ್ಲಿ ಹಸಿರು ಬಣ್ಣದಲ್ಲಿರುತ್ತೆ, ಸಮಯಕ್ಕೆ ಸರಿಯಾಗಿ ಮುಗಿದದ್ದು ಅಂತ” ಎಂದರು. ಲ್ಯಾಬಿನ ಗಡಿಯಾರ ಶುರುವಾಗುವುದು ಪೆಟ್ಟಿಗೆ ಬೆಂಗಳೂರಿನ ಬಾಗಿಲಿಗೆ ಬಂದಾಗ. ಅಮ್ಮನ ಗಡಿಯಾರ ಶುರುವಾದದ್ದು ಸೂಜಿ ಚುಚ್ಚಿದಾಗ, ಅಥವಾ ಇನ್ನೂ ಹಿಂದೆ, ರಾತ್ರಿ ತಟ್ಟೆ ತೊಳೆದಿಟ್ಟಾಗ. ಒಂದೇ ರಿಪೋರ್ಟಿಗೆ ಅವರ ಲೆಕ್ಕದಲ್ಲಿ ಮೂರೂವರೆ ಗಂಟೆ, ನಮ್ಮ ಲೆಕ್ಕದಲ್ಲಿ 16 ಗಂಟೆ.

ಮೂವರು ಪ್ರಾಧ್ಯಾಪಕರು ಹೇಳಿದ ಎರಡನೆಯ ಅಂತರ ಇದು: ಗ್ರಾಹಕನಿಗೆ ಏನು ಬೇಕೆಂದು ಗೊತ್ತಿದ್ದರೂ ಸಂಸ್ಥೆ ತನಗೆ ಹಾಕಿಕೊಂಡ ಅಳತೆಗೋಲು ಅದಕ್ಕೆ ಹೊಂದದೆ ಇರುವುದು. ಪ್ರಯೋಗಾಲಯದ ವೈದ್ಯರಿಗೆ ಇದು ಹೊಸದಲ್ಲ. ಅಮೆರಿಕದ ರೋಗಶಾಸ್ತ್ರಜ್ಞ ಜಾರ್ಜ್ ಲುಂಡ್‌ಬರ್ಗ್ 1981ರಲ್ಲೇ, ಪರೀಕ್ಷೆಯೊಂದು ಶುರುವಾಗುವುದು ಅದು ಬೇಕೆಂದು ವೈದ್ಯನ ತಲೆಗೆ ಹೊಳೆದಾಗ, ಮುಗಿಯುವುದು ಉತ್ತರ ಅದೇ ತಲೆಗೆ ಮರಳಿ ಬಂದು ಚಿಕಿತ್ಸೆಗೆ ದಾರಿಯಾದಾಗ ಎಂದು ವಾದಿಸಿದ್ದರು. ಆದರೂ ತನ್ನ ಕೈಲಿರುವ ತುಂಡನ್ನಷ್ಟೇ ಅಳೆದು ನೆಮ್ಮದಿಯಾಗಿರುವುದು ಯಾವ ಸಂಸ್ಥೆಗಾದರೂ ಸುಲಭ. ಬಸ್ಸು ತಡವಾದರೆ ಅದು ಲ್ಯಾಬಿನ ತಪ್ಪಲ್ಲ, ಸೆಂಟರಿನ ತಪ್ಪೂ ಅಲ್ಲ. ನಡುವಿನ 12 ಗಂಟೆ ಯಾರ ಲೆಕ್ಕಕ್ಕೂ ಸೇರದೆ ರೋಗಿಯ ಲೆಕ್ಕಕ್ಕೆ ಬೀಳುತ್ತದೆ.

ಮೊದಲನೆಯ ಅಂತರ ಇದಕ್ಕಿಂತ ಸೂಕ್ಷ್ಮ. ಗ್ರಾಹಕನಿಗೆ ಏನು ಬೇಕು ಎಂಬುದನ್ನೇ ಆಡಳಿತ ತಪ್ಪಾಗಿ ತಿಳಿದಿರುವುದು. ಬೇಗ ರಿಪೋರ್ಟ್ ಬೇಕು ಎಂದು ಜನ ಗೊಣಗುವುದನ್ನು ಕೇಳಿ ಆಡಳಿತದವರು, ಇವರಿಗೆ ವೇಗ ಬೇಕು ಎಂದುಕೊಳ್ಳುತ್ತಾರೆ. ನಮಗೆ ಬೇಕಿದ್ದುದು ವೇಗವಲ್ಲ. ನಾಳೆ ಬರುತ್ತದೆ ಎಂದು ಖಚಿತವಾಗಿ ಹೇಳಿದ್ದರೆ ನಾವು ಡಾಕ್ಟರನ್ನು ಗುರುವಾರಕ್ಕೇ ಗೊತ್ತುಮಾಡಿಕೊಂಡು, ರಕ್ತ ಕೊಟ್ಟು ಬೆಳಗಿನ ಬಸ್ಸಿಗೇ ಮರಳುತ್ತಿದ್ದೆವು. ಸಣ್ಣ ಊರಿನ ರೋಗಿಗೆ ರಿಪೋರ್ಟ್ ಎಂದರೆ ಡಾಕ್ಟರ ಸಂಜೆಯ ಹೊತ್ತಿಗೆ ಕೈಲಿರಬೇಕಾದ ಕಾಗದ. ಆ ಹೊತ್ತು ದಾಟಿತೆಂದರೆ ಅದು ರಾತ್ರಿ 11ಕ್ಕೆ ಬಂದರೂ ಮರುದಿನ 11ಕ್ಕೆ ಬಂದರೂ ಒಂದೇ. ಇದು ಬೆಂಗಳೂರಿನ ಕಚೇರಿಯಲ್ಲಿ ಕೂತವರಿಗೆ ಹೊಳೆಯುವುದು ಕಷ್ಟ, ಹಾಸನದ ಬಿಲ್ ಕೌಂಟರಿನ ಹುಡುಗಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವಳನ್ನು ಯಾರೂ ಕೇಳುವುದಿಲ್ಲ. ಕೌಂಟರಿನಿಂದ ಮೇಲಕ್ಕೆ ಸುದ್ದಿ ಹೋಗದಿರುವುದು ಮೊದಲ ಅಂತರದ ದೊಡ್ಡ ಕಾರಣವೆಂದು ಆ ಪ್ರಾಧ್ಯಾಪಕರೂ ಗುರುತಿಸಿದ್ದಾರೆ.

ಮೂರನೆಯದು ನಿಯಮಕ್ಕೂ ನಡೆದದ್ದಕ್ಕೂ ನಡುವಿನದು. ಬೆಳಿಗ್ಗೆ 7ರಿಂದ 9ರವರೆಗೆ ಖಾಲಿ ಹೊಟ್ಟೆಯವರೆಲ್ಲ ಒಟ್ಟಿಗೆ ಬರುತ್ತಾರೆ, ಸೂಜಿ ಹಿಡಿಯುವವನು ಒಬ್ಬನೇ. ಅವಸರದಲ್ಲಿ ಸ್ಯಾಂಪಲ್ ಕೆಟ್ಟರೆ ಮತ್ತೆ ಕರೆಸಬೇಕು. ನಮ್ಮ ವಿಷಯದಲ್ಲಿ ಇದು ಆಗಲಿಲ್ಲ, ಆ ಹುಡುಗನ ಕೆಲಸ ನೇರ್ಪಾಗಿತ್ತು. ನಾಲ್ಕನೆಯದು ಗೋಡೆಯ ಮೇಲೇ ಇತ್ತು: ಮಾಡುವುದೊಂದು, ಹೇಳುವುದು ಇನ್ನೊಂದು. ‘ಅದೇ ದಿನ ರಿಪೋರ್ಟ್’ ಎಂಬ ಪೋಸ್ಟರನ್ನು ಬರೆಸಿದವರು ಬೆಂಗಳೂರಿನ ಗ್ರಾಹಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಸಿರಬೇಕು. ಅಲ್ಲಿ ಪೆಟ್ಟಿಗೆ ಒಂದೆರಡು ಗಂಟೆಯಲ್ಲಿ ಲ್ಯಾಬು ಮುಟ್ಟುತ್ತದೆ. ಅದೇ ಕಾಗದ 180 ಕಿಲೋಮೀಟರ್ ಆಚೆಯ ಗೋಡೆಗೂ ಅಂಟಿತು. ಹುಡುಗಿ ಹೇಳಿದ ‘ಸಂಜೆಯೊಳಗೆ’ ಆ ಪೋಸ್ಟರಿನ ಮಾತೇ, ಸ್ವಲ್ಪ ಮೆದುವಾಗಿ ಬಂದದ್ದು. ಈ ಅಂತರದ ಕೆಟ್ಟತನ ಎರಡು ಪಟ್ಟು, ಏಕೆಂದರೆ ಸಿಕ್ಕ ಸೇವೆಯನ್ನು ಅದು ಕಡಿಮೆ ಮಾಡುವುದಿಲ್ಲ, ನಮ್ಮ ನಿರೀಕ್ಷೆಯನ್ನೇ ಏರಿಸಿಬಿಡುತ್ತದೆ. ಪೋಸ್ಟರ್ ಇಲ್ಲದಿದ್ದರೆ ನಾನು ಸಂಜೆಗೆ ಡಾಕ್ಟರನ್ನು ಗೊತ್ತುಮಾಡುತ್ತಲೇ ಇರಲಿಲ್ಲ.

ಇಷ್ಟೂ ಕಥೆಯಾಯಿತು. ಒಬ್ಬರ ಕಥೆಯಿಂದ ಸಂಸ್ಥೆ ಬದಲಾಗುವುದಿಲ್ಲ, ಅಳತೆ ಬೇಕು. 1988ರಲ್ಲಿ ಅದೇ ಮೂವರು ಅಳೆಯುವ ಉಪಕರಣವನ್ನೂ ಕೊಟ್ಟರು, ಅದರ ಹೆಸರು ಸರ್ವ್‌ಕ್ವಾಲ್. ಒಟ್ಟು 22 ಹೇಳಿಕೆಗಳು. ಪ್ರತಿಯೊಂದನ್ನೂ ಎರಡು ಸಲ ಕೇಳುತ್ತಾರೆ. ಮೊದಲು, ಒಳ್ಳೆಯ ಲ್ಯಾಬ್ ಹೇಗಿರಬೇಕು ಎಂದು ನಿಮಗನಿಸುತ್ತದೆ? ಆಮೇಲೆ, ಈ ಲ್ಯಾಬ್ ಹೇಗಿದೆ? ಎರಡಕ್ಕೂ 1ರಿಂದ 7ರವರೆಗೆ ಅಂಕ. ಅನುಭವದ ಅಂಕದಿಂದ ನಿರೀಕ್ಷೆಯ ಅಂಕ ಕಳೆದರೆ ಅಂತರ ಸಿಗುತ್ತದೆ. ಹೇಳಿಕೆಗಳು ಐದು ಗುಂಪಿನವು. ಕಣ್ಣಿಗೆ ಕಾಣುವುದು, ಅಂದರೆ ಕುರ್ಚಿ, ಶುಚಿತ್ವ, ಯಂತ್ರ, ಸಿಬ್ಬಂದಿಯ ಉಡುಪು. ಹೇಳಿದಂತೆ ನಡೆದುಕೊಳ್ಳುವುದು. ಕೇಳಿದ ತಕ್ಷಣ ಓಗೊಡುವುದು. ಇವರಿಗೆ ಕೆಲಸ ಗೊತ್ತಿದೆ ಎಂಬ ಧೈರ್ಯ ಹುಟ್ಟಿಸುವುದು. ಒಬ್ಬೊಬ್ಬರ ಕಷ್ಟವನ್ನೂ ಅರಿತು ನಡೆಯುವುದು.

ಲೆಕ್ಕ ಹೇಗೆ ಬರುತ್ತದೆಂದು ತೋರಿಸಲು ಒಂದು ಕಲ್ಪಿತ ಸೆಂಟರನ್ನು ತೆಗೆದುಕೊಳ್ಳೋಣ. ಅಂಕಿಗಳು ವಿವರಣೆಗಾಗಿ ನಾನೇ ಇಟ್ಟವು. ಕಣ್ಣಿಗೆ ಕಾಣುವುದರಲ್ಲಿ ಜನ 5.6 ನಿರೀಕ್ಷಿಸಿ 5.9 ಕೊಟ್ಟರು. ಅಂತರ ಕೂಡಿಕೆಯಲ್ಲೇ ಇದೆ, ಹೊಸ ಸೋಫಾ, ಎಸಿ ಎಲ್ಲ ಮೆಚ್ಚುಗೆಯಾಗಿದೆ. ಹೇಳಿದಂತೆ ನಡೆಯುವುದರಲ್ಲಿ 6.8 ನಿರೀಕ್ಷಿಸಿ 5.3 ಕೊಟ್ಟರು, ಅಂತರ ಮೈನಸ್ 1.5. ಉಳಿದ ಮೂರೂ ಮೈನಸ್ 0.5ರಿಂದ 0.8ರೊಳಗಿವೆ ಎನ್ನೋಣ. ಇಷ್ಟಕ್ಕೇ ನಿಲ್ಲುವಂತಿಲ್ಲ, ಏಕೆಂದರೆ ಐದೂ ಗುಂಪುಗಳು ಜನರಿಗೆ ಒಂದೇ ತೂಕದವಲ್ಲ. ಹಾಗಾಗಿ 100 ಅಂಕಗಳನ್ನು ಐದಕ್ಕೂ ನಿಮ್ಮಿಷ್ಟದಂತೆ ಹಂಚಿ ಎಂದು ಕೇಳುತ್ತಾರೆ. ಕಣ್ಣಿಗೆ ಕಾಣುವುದಕ್ಕೆ 10, ಹೇಳಿದಂತೆ ನಡೆಯುವುದಕ್ಕೆ 35 ಸಿಕ್ಕಿತೆಂದರೆ ಸೋಫಾ ಗಳಿಸಿಕೊಟ್ಟದ್ದು 0.03, ಮಾತು ತಪ್ಪಿದ್ದರಿಂದ ಕಳೆದುಕೊಂಡದ್ದು ಅರ್ಧ ಅಂಕಕ್ಕೂ ಹೆಚ್ಚು. ಮುಂದಿನ ವರ್ಷದ ದುಡ್ಡನ್ನು ಇನ್ನೊಂದು ಸೋಫಾಕ್ಕೆ ಹಾಕಬೇಕೋ, ಮಧ್ಯಾಹ್ನಕ್ಕೆ ಮೊದಲು ಇನ್ನೊಂದು ಪೆಟ್ಟಿಗೆ ಕಳಿಸುವ ವ್ಯಾನಿಗೆ ಹಾಕಬೇಕೋ ಎಂಬುದಕ್ಕೆ ಇದು ಸಾಕಷ್ಟು ಸ್ಪಷ್ಟ ಉತ್ತರ. ಆ ಪ್ರಾಧ್ಯಾಪಕರ ಅಧ್ಯಯನಗಳಲ್ಲೂ ಗ್ರಾಹಕರು ಎಲ್ಲಕ್ಕಿಂತ ಹೆಚ್ಚು ತೂಕ ಕೊಟ್ಟದ್ದು ಹೇಳಿದಂತೆ ನಡೆಯುವುದಕ್ಕೆ, ಎಲ್ಲಕ್ಕಿಂತ ಕಡಿಮೆ ಕೊಟ್ಟದ್ದು ಕಣ್ಣಿಗೆ ಕಾಣುವುದಕ್ಕೆ.

ಗುಂಪಿನೊಳಗೂ ಇಣುಕಬೇಕು. ‘ಹೇಳಿದಂತೆ ನಡೆಯುವುದು’ ಎಂಬುದರಲ್ಲಿ ಐದು ಹೇಳಿಕೆಗಳಿವೆ. ಎರಡು ಸಮಯದ ಮಾತಿಗೆ ಸಂಬಂಧಿಸಿದವು. ಉಳಿದವು, ತೊಂದರೆಯಾದಾಗ ಮನಸ್ಸಿಟ್ಟು ಸರಿಪಡಿಸುವುದು, ಮೊದಲ ಸಲವೇ ಸರಿಯಾಗಿ ಮಾಡುವುದು, ದಾಖಲೆಯಲ್ಲಿ ತಪ್ಪಿಲ್ಲದಿರುವುದು. ನಮ್ಮ ಕಲ್ಪಿತ ಸೆಂಟರಿನಲ್ಲಿ ಸಮಯದ ಎರಡೂ ಮೈನಸ್ 2 ದಾಟಿದ್ದು, ದಾಖಲೆಯದು ಬರೀ ಮೈನಸ್ 0.4 ಇದ್ದರೆ ಹುಡುಕಬೇಕಾದ ಜಾಗ ಪೋಸ್ಟರ್ ಮತ್ತು ಬಸ್ಸು. ಸಿಬ್ಬಂದಿಗೆ ನಗುಮುಖದ ತರಬೇತಿ ಕೊಡಿಸಿ ಪ್ರಯೋಜನವಿಲ್ಲ.

ಈಗ ನನ್ನನ್ನು ಬಹಳ ದಿನ ಕಾಡಿದ ವಿಷಯಕ್ಕೆ ಬರುತ್ತೇನೆ. ಹೋಟೆಲಿನಲ್ಲಿ ದೋಸೆ ತಿಂದವನಿಗೆ ದೋಸೆ ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಲ್ಯಾಬಿನಿಂದ ಬಂದ ಅಂಕಿ ನಿಜವೋ ಸುಳ್ಳೋ ಎಂಬುದು ರೋಗಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಮೊದಲ ಸಲವೇ ಸರಿಯಾಗಿ ಮಾಡಿದರೇ ಎಂದು ಅಮ್ಮನನ್ನು ಕೇಳಿದರೆ ಅವಳು ಹೇಳುವುದು ಒಂದೇ ಚುಚ್ಚಿಗೆ ರಕ್ತ ಸಿಕ್ಕಿತೇ ಎಂಬುದರ ಬಗ್ಗೆ. ಮಾದರಿ ಅಳೆಯುವುದು ಇದನ್ನೇ, ಅಂದರೆ ರೋಗಿಯ ಕಣ್ಣಿಗೆ ಬಿದ್ದದ್ದನ್ನು. ಲ್ಯಾಬಿನ ಮುಖ್ಯ ಕೆಲಸ ಅವಳ ಕಣ್ಣಿಗೆ ಬೀಳುವುದೇ ಇಲ್ಲ.

ಶುಗರ್ ಪರೀಕ್ಷೆಯನ್ನೇ ನೋಡಿ. ಅದಕ್ಕೆ ರಕ್ತವನ್ನು ಬೂದು ಮುಚ್ಚಳದ ಟ್ಯೂಬಿಗೆ ತೆಗೆಯುತ್ತಾರೆ, ಅದರಲ್ಲಿ ಫ್ಲೋರೈಡ್ ಇರುತ್ತದೆ. ಟ್ಯೂಬಿಗೆ ಬಂದ ಮೇಲೂ ರಕ್ತಕಣಗಳು ಬದುಕಿದ್ದು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಫ್ಲೋರೈಡ್ ಅದನ್ನು ತಡೆಯಲಿಕ್ಕೆ. ಅವಸರದಲ್ಲಿ ಫ್ಲೋರೈಡ್ ಇಲ್ಲದ ಟ್ಯೂಬಿಗೆ ತೆಗೆದು, ಕಣಗಳನ್ನು ಬೇರ್ಪಡಿಸದೆ ಮೇಜಿನ ಮೇಲೆ ಬಿಟ್ಟರೆ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಸಕ್ಕರೆ ಇಳಿಯುತ್ತದೆ. ನಿಜವಾಗಿ 130 ಇದ್ದವರಿಗೆ ಮೂರು ಗಂಟೆ ಕಳೆದ ಮೇಲೆ 110ರ ಆಸುಪಾಸಿನ ಅಂಕಿ ಬರಬಹುದು. 126 ದಾಟಿದರೆ ಸಕ್ಕರೆ ಕಾಯಿಲೆಯ ಸೂಚನೆ. ಕಾಯಿಲೆಯಿದ್ದವರು ಇಲ್ಲವೆಂದುಕೊಂಡು ಸಂತೋಷದಿಂದ ಮನೆಗೆ ಹೋಗುತ್ತಾರೆ. ಆಗ ಪ್ರಶ್ನಾವಳಿ ಕೊಟ್ಟರೆ ಏಳಕ್ಕೆ ಏಳು ಅಂಕ. ಅಂತರ ಸೊನ್ನೆ, ರಿಪೋರ್ಟ್ ಸುಳ್ಳು.

ಇದರ ತಿರುಗುಮುರುಗನ್ನೂ ನೋಡಿ. ಸಣ್ಣ ನರದಿಂದ ಬಲವಾಗಿ ಎಳೆದೋ ಟ್ಯೂಬನ್ನು ಜೋರಾಗಿ ಅಲುಗಿಸಿದ್ದರಿಂದಲೋ ಕೆಂಪು ಕಣಗಳು ಒಡೆದರೆ ಒಳಗಿನ ಪೊಟ್ಯಾಸಿಯಂ ಹೊರಗೆ ಚೆಲ್ಲುತ್ತದೆ. ತಿಳಿಹಳದಿ ಇರಬೇಕಾದ ಸೀರಮ್ ಗುಲಾಬಿಯಾಗುತ್ತದೆ. ಅದನ್ನೇ ಅಳೆದರೆ ಪೊಟ್ಯಾಸಿಯಂ ಇಲ್ಲದಷ್ಟು ಹೆಚ್ಚು ತೋರಿ, ಹೃದಯಕ್ಕೆ ಅಪಾಯವೆಂದು ಡಾಕ್ಟರು ಗಾಬರಿಯಾಗಬಹುದು. ಒಳ್ಳೆಯ ಲ್ಯಾಬು ಆ ಸ್ಯಾಂಪಲ್ ತಿರಸ್ಕರಿಸಿ ರೋಗಿಯನ್ನು ಮತ್ತೆ ಕರೆಸುತ್ತದೆ. ಎರಡನೆಯ ಸಲ ಬಂದು ಚುಚ್ಚಿಸಿಕೊಂಡ ರೋಗಿ ಎಷ್ಟು ಅಂಕ ಕೊಟ್ಟಾರು? ಪ್ರಶ್ನಾವಳಿಯ ಪ್ರಕಾರ ಸೋತದ್ದು ಇಲ್ಲಿ ಸರಿಯಾದ ಕೆಲಸ ಮಾಡಿದ ಲ್ಯಾಬು. ಲ್ಯಾಬಿನ ತಪ್ಪುಗಳಲ್ಲಿ ಹೆಚ್ಚಿನವು ಯಂತ್ರದಲ್ಲಿ ಹುಟ್ಟುವುದಿಲ್ಲ, ಸ್ಯಾಂಪಲ್ ಯಂತ್ರ ಮುಟ್ಟುವ ಮೊದಲೇ ಹುಟ್ಟುತ್ತವೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ ಮಾತು. ಅವು ಹುಟ್ಟುವುದು ರೋಗಿಯ ಕಣ್ಣೆದುರಿಗೇ, ಅದೇ ಸೂಜಿಯ ಕುರ್ಚಿಯಲ್ಲಿ. ಆದರೆ ಅವಳಿಗೆ ಕಾಣುವುದು ಹುಡುಗನ ಮಾತು, ಮುಚ್ಚಳದ ಬಣ್ಣವಲ್ಲ.

ಅದಕ್ಕಾಗಿ ಈ ಮಾದರಿಯನ್ನು ಬಿಸಾಡಬೇಕೆಂದು ನಾನು ಹೇಳುವುದಿಲ್ಲ. ಅಂಕಿ ನಿಜವೇ ಎಂದು ನೋಡಲು ಬೇರೆ ದಾರಿಗಳಿವೆ. ಯಂತ್ರದ ದಿನನಿತ್ಯದ ಪರಿಶೀಲನೆಯಿದೆ, ಉತ್ತರ ಮುಚ್ಚಿಟ್ಟ ಮಾದರಿಗಳನ್ನು ಹೊರಗಿನಿಂದ ಕಳಿಸಿ ಪರೀಕ್ಷಿಸುವ ವ್ಯವಸ್ಥೆಯಿದೆ, ವೈದ್ಯಕೀಯ ಪ್ರಯೋಗಾಲಯಗಳಿಗಾಗಿಯೇ ಇರುವ ಐಎಸ್‌ಒ 15189 ಎಂಬ ಮಾನದಂಡವನ್ನು ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಲ್ ಇದೆ. ಸರಪಳಿಯ ಯಾವ ಲ್ಯಾಬಿಗೆ, ಯಾವ ಪರೀಕ್ಷೆಗೆ ಆ ಮಾನ್ಯತೆ ಎಂಬುದನ್ನು ಮಾತ್ರ ಗಮನಿಸಬೇಕು, ಒಂದಕ್ಕೆ ಸಿಕ್ಕದ್ದು ಎಲ್ಲಕ್ಕೂ ಅನ್ವಯಿಸುವುದಿಲ್ಲ. ಅಂತರದ ಅಳತೆ ಹೇಳುವುದು ರೋಗಿಗೆ ಕೊಟ್ಟ ಮಾತಿನ ಬಗ್ಗೆ. ಅಷ್ಟಕ್ಕೇ ಅದನ್ನು ನಂಬಬೇಕು, ಅಷ್ಟಕ್ಕೆ ಪೂರ್ತಿ ನಂಬಬಹುದು.

ಅಷ್ಟಕ್ಕಾದರೂ ಕೇಳುವ ರೀತಿ ಸರಿಯಿರಬೇಕು. ಖಾಲಿ ಹೊಟ್ಟೆಯಲ್ಲಿ, ತೋಳಿಗೆ ಹತ್ತಿ ಒತ್ತಿಕೊಂಡು ಕೂತವರ ಕೈಗೆ 44 ಪ್ರಶ್ನೆಯ ಕಾಗದ ಕೊಟ್ಟರೆ ಕೊನೆಯ ಹತ್ತಕ್ಕೆ ಕಣ್ಣುಮುಚ್ಚಿ ಗೀಟು ಹಾಕುತ್ತಾರೆ. ರಕ್ತ ತೆಗೆದ ಹುಡುಗನೇ ಎದುರು ನಿಂತು ಕೇಳಿದರೆ ನಮ್ಮವರು ಯಾರೂ ಕಡಿಮೆ ಅಂಕ ಹಾಕುವುದಿಲ್ಲ, ಪಾಪ ಹುಡುಗನಿಗೇಕೆ ತೊಂದರೆ ಎನ್ನುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಅಂದೇ ಕೇಳಿದರೆ ಕೇಳಬೇಕಾದ್ದು ಇನ್ನೂ ನಡೆದೇ ಇರುವುದಿಲ್ಲ. ಬೆಳಿಗ್ಗೆ 8ಕ್ಕೆ ಅಮ್ಮನನ್ನು ಕೇಳಿದ್ದರೆ ಎಲ್ಲಕ್ಕೂ ಏಳು ಕೊಡುತ್ತಿದ್ದಳು. ರಿಪೋರ್ಟ್ ಕೈಸೇರಿ, ಡಾಕ್ಟರನ್ನು ನೋಡಿ ಬಂದ ಎರಡು ಮೂರು ದಿನಕ್ಕೆ, ಆ ಸೆಂಟರಿಗೆ ಸೇರದ ಒಬ್ಬರು ಕೇಳಬೇಕು.

ನಿರೀಕ್ಷೆಯನ್ನು ಕೇಳುವುದರ ಬಗ್ಗೆ ದೊಡ್ಡ ತಕರಾರೇ ಇದೆ. ಜೋಸೆಫ್ ಕ್ರೋನಿನ್ ಮತ್ತು ಸ್ಟೀವನ್ ಟೇಲರ್ ಎಂಬಿಬ್ಬರು 1992ರಲ್ಲಿ, ಅನುಭವದ ಅಂಕ ಒಂದೇ ಸಾಕು, ಕಳೆಯುವ ಲೆಕ್ಕವೇ ಬೇಡ ಎಂದು ವಾದಿಸಿದರು. ಅವರ ವಾದದಲ್ಲಿ ಹುರುಳಿದೆ. ಒಳ್ಳೆಯ ಲ್ಯಾಬ್ ಹೇಗಿರಬೇಕು ಎಂದರೆ ಎಲ್ಲರೂ ಏಳನ್ನೇ ಒತ್ತುತ್ತಾರೆ, ಆಗ ಕಳೆದು ಸಿಗುವುದೇನು? ಇನ್ನೊಂದು ಅಪಾಯವೂ ಇದೆ. ವರ್ಷಗಟ್ಟಲೆ ಸಾಲಿನಲ್ಲಿ ನಿಂತು ಅಭ್ಯಾಸವಾದವರ ನಿರೀಕ್ಷೆಯೇ ಕೆಳಗಿರುತ್ತದೆ. ಮೂರನ್ನು ನಿರೀಕ್ಷಿಸಿ ಮೂರನ್ನೇ ಪಡೆದವರ ಅಂತರ ಸೊನ್ನೆ, ಆರನ್ನು ನಿರೀಕ್ಷಿಸಿ ಐದನ್ನು ಪಡೆದವರದು ಮೈನಸ್ ಒಂದು. ಅಂತರ ಮಾತ್ರ ನೋಡಿದರೆ ಬಡವರ ಸೆಂಟರೇ ಮೇಲು ಎಂದಾಗುತ್ತದೆ. ಆದ್ದರಿಂದ ಎರಡೂ ಅಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕೇ ಹೊರತು ಕಳೆದು ಬಂದ ಉತ್ತರವೊಂದನ್ನೇ ಅಲ್ಲ. ಆದರೂ ನಿರೀಕ್ಷೆಯನ್ನು ಕೇಳುವುದೇ ಬೇಡ ಎಂಬುದನ್ನು ನಾನು ಒಪ್ಪಲಾರೆ. ನಮ್ಮ ವಿಷಯದಲ್ಲಿ ಕೆಟ್ಟದ್ದು ಅನುಭವವಲ್ಲ, ನಿರೀಕ್ಷೆ. ಬೆಳಿಗ್ಗೆಯ ಆ ಮಾತನ್ನು ಕೇಳದೆ ರಾತ್ರಿಯ ಬೇಸರ ಯಾರಿಗೂ ಅರ್ಥವಾಗುವುದಿಲ್ಲ.

ನನ್ನ ಸ್ನೇಹಿತರ ಸರಪಳಿಯಲ್ಲಿ ಇದರ ನಂತರ ದೊಡ್ಡ ಬದಲಾವಣೆಯೇನೂ ಆಗಲಿಲ್ಲ, ಎರಡು ಸಣ್ಣವು ಆದವಂತೆ. ಸಮಯದ ಲೆಕ್ಕವನ್ನು ಸೂಜಿಯಿಂದ ಶುರು ಮಾಡಿ ನೋಡಿದರು. ದೂರದ ಊರುಗಳ ಪರದೆಯಲ್ಲಿ ಹಸಿರಿದ್ದುದು ಬಹಳಷ್ಟು ಕೆಂಪಾಯಿತು, ಒಂದೆರಡು ದಿನ ಮೀಟಿಂಗಿನಲ್ಲಿ ಮಾತಿನ ಚಕಮಕಿಯೂ ನಡೆಯಿತು. ಎಲ್ಲ ಕಡೆಗೂ ಎರಡನೆಯ ಪೆಟ್ಟಿಗೆ ಕಳಿಸುವಷ್ಟು ಸ್ಯಾಂಪಲ್ಲುಗಳಿರಲಿಲ್ಲ. ಕಳಿಸಲಾಗದ ಕಡೆ ಪೋಸ್ಟರ್ ತೆಗೆಸಿ, ಪರೀಕ್ಷೆಯ ಹೆಸರು ಮತ್ತು ರಿಪೋರ್ಟ್ ಬರುವ ಹೊತ್ತು ಬರೆದ ಒಂದು ಪಟ್ಟಿ ತೂಗುಹಾಕಿದರು. ರಿಪೋರ್ಟ್ ಒಂದು ನಿಮಿಷವೂ ಬೇಗ ಬರಲಿಲ್ಲ. ಹೇಳಿದ ಹೊತ್ತಿಗೆ ಬಂತು.

ಅಮ್ಮನಿಗೆ ಮೂರು ತಿಂಗಳಿಗೊಮ್ಮೆ ಥೈರಾಯ್ಡ್ ನೋಡಿಸಬೇಕು. ಈಚೆಗೆ ಬೇರೊಂದು ಸೆಂಟರಿಗೆ ಹೋದೆವು. ಬಿಲ್ ಮಾಡುತ್ತಿದ್ದ ಹೆಂಗಸು ಹೆಸರು, ವಯಸ್ಸು ಬರೆದುಕೊಂಡು, “ಡಾಕ್ಟರನ್ನ ಯಾವತ್ತು ನೋಡ್ತೀರಮ್ಮ?” ಎಂದು ಕೇಳಿದರು. ಇವತ್ತು ಸಂಜೆ ಎಂದೆ. “ಶುಗರ್ ಮಧ್ಯಾಹ್ನ ಕೊಡ್ತೀನಿ. ಥೈರಾಯ್ಡ್ ಬೆಂಗಳೂರಿಗೆ ಹೋಗ್ಬೇಕು, ನಾಳೆ ಬೆಳಿಗ್ಗೆ ಎಂಟಕ್ಕೇ ಬರೋದು. ನಾಳೆ ಸಂಜೆಗೆ ಇಟ್ಕೊಳ್ಳಿ” ಎಂದು, ಬಿಲ್ಲಿನ ಹಿಂದೆ ಪೆನ್ನಿನಲ್ಲಿ ‘ನಾಳೆ 8’ ಎಂದು ಬರೆದುಕೊಟ್ಟರು. ಅಮ್ಮ ಆ ಚೀಟಿಯನ್ನು ಮಡಚಿ ಎಲೆಅಡಿಕೆ ಚೀಲದಲ್ಲಿಟ್ಟುಕೊಂಡಳು. ನಾವು ಕಾಫಿ ಕುಡಿದು ಹತ್ತು ಗಂಟೆಯ ಬಸ್ಸಿಗೆ ಊರಿಗೆ ಹೊರಟೆವು.